ಪರೀಕ್ಷೆ ಎರಡು ವಾರ, ಬದಲಾಗಬೇಕಾದ್ದು ಒಂದೇ ವಾರ: ಬೆಳಗಿನ ಪಾಳಿ ಕೇಳಿದ ಒಂದು ಪತ್ರ

ಮೈಸೂರಿನ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವ ಹುಡುಗ. ಇಗ್ನೊದಲ್ಲಿ ಬಿಕಾಂ ಕಟ್ಟಿದ್ದಾನೆ. ಜೂನ್ ಪರೀಕ್ಷೆಗೆ ಮೂರು ಪೇಪರ್ ಇವೆ. ಆ ದಿನಗಳಲ್ಲಿ ತನಗೆ ಬೆಳಗಿನ ಪಾಳಿಯನ್ನೇ ಕೊಡಬೇಕೆಂದು ಫ್ಲೋರ್ ಸೂಪರ್‌ವೈಸರಿಗೆ ಪತ್ರ ಬರೆಯಬೇಕು. ಇಂಥ ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣುವ ತೊಡಕುಗಳನ್ನು ಒಂದೆಡೆ ಸೇರಿಸಿ ಕಟ್ಟಿದ ಮಾದರಿ ಪ್ರಕರಣ ಇದು. ತಾರೀಖುಗಳನ್ನು ಲೆಕ್ಕ ಕಣ್ಣಿಗೆ ಕಾಣಲೆಂದು ಇಟ್ಟಿದ್ದೇವೆ. ನಿಮ್ಮ ಡೇಟ್ ಶೀಟ್ ಬೇರೆ ಇರುತ್ತದೆ, ಲೆಕ್ಕ ಹಾಕುವ ಬಗೆ ಇದೇ.

ಮೊದಲು ಅಂಗಡಿಯ ಪಾಳಿ ಹೇಗಿದೆ ನೋಡೋಣ. ಬಾಗಿಲು ತೆರೆಯುವುದು ಬೆಳಿಗ್ಗೆ 8ಕ್ಕೆ, ಮುಚ್ಚುವುದು ರಾತ್ರಿ 10ಕ್ಕೆ. ಬೆಳಗಿನ ಪಾಳಿ 7ರಿಂದ 4, ಅಂಗಡಿಯ ಬಾಯಲ್ಲಿ ಅದು ಓಪನಿಂಗ್. ಸಂಜೆಯದು ಮಧ್ಯಾಹ್ನ 1ರಿಂದ ರಾತ್ರಿ 10, ಅದು ಕ್ಲೋಸಿಂಗ್. ನಡುವೆ 10ರಿಂದ 7ರ ಮಿಡ್ ಇದೆ. ಎಲ್ಲದರಲ್ಲೂ ಒಂದು ಗಂಟೆ ಊಟದ ಬಿಡುವು. ಬಿಲ್ಲಿಂಗಿಗೆ ಎಂಟು ಜನ: ಓಪನಿಂಗಿಗೆ ಮೂವರು, ಕ್ಲೋಸಿಂಗಿಗೆ ಮೂವರು, ಮಿಡ್‌ಗೆ ಇಬ್ಬರು. ಮಿಡ್‌ನವರು ಖಾಯಂ ಮಿಡ್. ಉಳಿದ ಆರು ಜನ ಜೋಡಿ ಜೋಡಿಯಾಗಿ ವಾರಕ್ಕೊಮ್ಮೆ ಅದಲುಬದಲಾಗುತ್ತಾರೆ, ಅಂದರೆ ಒಬ್ಬ ಓಪನಿಂಗಿನಲ್ಲಿದ್ದರೆ ಅವನ ಜೋಡಿ ಕ್ಲೋಸಿಂಗಿನಲ್ಲಿ. ಸೋಮವಾರದಿಂದ ಭಾನುವಾರದವರೆಗೆ ಒಂದು ವಾರ. ಮುಂದಿನ ವಾರದ ರೋಸ್ಟರ್ ಶುಕ್ರವಾರ ಸಂಜೆ ಗೋಡೆಗೆ ಬೀಳುತ್ತದೆ.

ಕ್ಲೋಸಿಂಗ್ 10ಕ್ಕೆ ಮುಗಿಯುತ್ತದೆ ಅನ್ನುವುದು ಕಾಗದದ ಮಾತು. ಕೊನೆಯ ಗಿರಾಕಿ ಹೋದ ಮೇಲೆ ಗಲ್ಲಾದ ನೋಟು ಎಣಿಸಬೇಕು, ಕಾರ್ಡ್ ಮತ್ತು ಯುಪಿಐ ಮೊತ್ತವನ್ನು ರಿಪೋರ್ಟಿಗೆ ಹೊಂದಿಸಬೇಕು, ಮರುದಿನದ ಚಿಲ್ಲರೆ ತೆಗೆದಿಟ್ಟು ಸಹಿ ಹಾಕಬೇಕು. ಟ್ಯಾಲಿ ಒಂದೇ ಸಲಕ್ಕೆ ಕೂತರೆ 10.20. ನೂರು ರೂಪಾಯಿ ಹೆಚ್ಚು ಕಮ್ಮಿ ಬಂತೋ, 11. ಪುಸ್ತಕ ಹಿಡಿಯುವವನಿಗೆ ಈ ಪಾಳಿ ಕಷ್ಟವಾಗುವುದು ಸಂಜೆ ಹೋಗುತ್ತದೆ ಅನ್ನುವುದಕ್ಕಿಂತ, ಮನೆ ಸೇರಿ ಊಟ ಮಾಡಿ ಮಲಗುವಾಗ ಹನ್ನೆರಡೂವರೆಯಾಗಿ ಮರುದಿನದ ಬೆಳಗೂ ಹೋಗುತ್ತದೆ ಅನ್ನುವುದಕ್ಕೆ.

ಹುಡುಗ ಮೊದಲು ಬರೆದ ಪತ್ರದ ತಿರುಳು ಇಷ್ಟು: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ಕೇಳಿಕೊಳ್ಳುವುದೇನೆಂದರೆ, ನನಗೆ ಜೂನ್ ತಿಂಗಳಿನಲ್ಲಿ ಪದವಿ ಪರೀಕ್ಷೆಗಳು ಇರುವುದರಿಂದ ಪರೀಕ್ಷೆ ಮುಗಿಯುವವರೆಗೆ ಬೆಳಗಿನ ಪಾಳಿಯನ್ನು ನೀಡಿ ಅನುಕೂಲ ಮಾಡಿಕೊಡಬೇಕಾಗಿ ಪ್ರಾರ್ಥನೆ." ಸೂಪರ್‌ವೈಸರ್ ಓದಿ, "ನೋಡೋಣ ಕಣಪ್ಪಾ" ಎಂದು ಡ್ರಾಯರಿಗೆ ಹಾಕಿದರು.

ಅವರು ಕಟುಕರೇನಲ್ಲ. ಆ ಪತ್ರ ಇಟ್ಟುಕೊಂಡು ರೋಸ್ಟರ್ ಬರೆಯಲು ಸಾಧ್ಯವಿಲ್ಲ, ಅಷ್ಟೇ. ಜೂನ್ ಅಂದರೆ ಯಾವ ತಾರೀಖಿನಿಂದ ಯಾವ ತಾರೀಖಿಗೆ? ಇಗ್ನೊ ಪರೀಕ್ಷೆ ಒಟ್ಟಾರೆ ಒಂದು ತಿಂಗಳಿಗೂ ಮೀರಿ ನಡೆಯುತ್ತದೆ. ಆದರೆ ಒಬ್ಬ ವಿದ್ಯಾರ್ಥಿಯ ಪೇಪರುಗಳು ಅದರಲ್ಲಿ ಅಲ್ಲೊಂದು ಇಲ್ಲೊಂದು ಬೀಳುತ್ತವೆ. "ಪರೀಕ್ಷೆ ಮುಗಿಯುವವರೆಗೆ" ಎಂದರೆ ಸೂಪರ್‌ವೈಸರ್ ಕಿವಿಗೆ ಬೀಳುವುದು "ತಿಂಗಳಿಡೀ ನನ್ನನ್ನು ಕ್ಲೋಸಿಂಗಿನಿಂದ ಬಿಡಿಸಿ" ಎಂದು. ಸಂಜೆ 6ರಿಂದ 9ರವರೆಗೆ ಸಾಲು ಸೋಪಿನ ರ್‍ಯಾಕಿನವರೆಗೆ ನಿಲ್ಲುವ ಅಂಗಡಿಯಲ್ಲಿ ಅದಕ್ಕೆ ಹೂಂ ಅನ್ನುವವರಿಲ್ಲ.

ಇನ್ನೂ ದೊಡ್ಡ ತಪ್ಪು ಬೇರೆಯೇ ಇದೆ. ಇಗ್ನೊ ಪರೀಕ್ಷೆ ದಿನಕ್ಕೆ ಎರಡು ಅವಧಿಯಲ್ಲಿ ನಡೆಯುತ್ತದೆ. ಬೆಳಿಗ್ಗೆಯದು 10ಕ್ಕೆ ಶುರು, ಮಧ್ಯಾಹ್ನದ್ದು 2ಕ್ಕೆ. ಮೂರು ಗಂಟೆಯ ಪೇಪರಾದರೆ 1ಕ್ಕೆ, 5ಕ್ಕೆ ಮುಗಿಯುತ್ತದೆ. ಈಗ 7ರಿಂದ 4ರ ಪಾಳಿಯನ್ನು ಅದರ ಪಕ್ಕ ಇಟ್ಟು ನೋಡಿ. ಬೆಳಗಿನ ಪೇಪರ್ ಇದ್ದ ದಿನ ಓಪನಿಂಗ್ ಮಾಡಲಾಗದು. ಮಧ್ಯಾಹ್ನದ ಪೇಪರ್ ಇದ್ದ ದಿನವೂ ಮಾಡಲಾಗದು, 1.15ಕ್ಕೆ ಕೇಂದ್ರದ ಗೇಟಿನಲ್ಲಿ ಇರಬೇಕೆಂದರೆ 12.30ಕ್ಕೇ ಬಸ್ ಹತ್ತಬೇಕು. ಅಂದರೆ ಪರೀಕ್ಷೆಗೆಂದು ಕೇಳಿದ ಬೆಳಗಿನ ಪಾಳಿ ಪರೀಕ್ಷೆಯ ದಿನಕ್ಕೇ ಕೆಲಸಕ್ಕೆ ಬರುವುದಿಲ್ಲ! ಅದು ಉಪಯೋಗಕ್ಕೆ ಬರುವುದು ಪೇಪರುಗಳ ನಡುವಿನ ದಿನಗಳಿಗೆ: 4ಕ್ಕೆ ಬಿಟ್ಟು, 5ಕ್ಕೆ ಮನೆಯಲ್ಲಿ ಕೂತು, 10ರವರೆಗೆ ಓದಿ ಮಲಗಲು. ಪರೀಕ್ಷೆಯ ದಿನಕ್ಕೆ ಬೇಕಾದ್ದು ವೀಕಾಫ್ ಅಥವಾ ರಜೆ. ಈ ಎರಡನ್ನು ಬೇರೆ ಮಾಡಿಕೊಳ್ಳದೆ ಬರೆದ ಅರ್ಜಿ ಮಂಜೂರಾದರೂ ಪರೀಕ್ಷೆಯ ಹಿಂದಿನ ರಾತ್ರಿ ಫೋನು ಮಾಡಿ "ಸರ್, ನಾಳೆ ಬರಲಾಗಲ್ಲ" ಅನ್ನುವ ಸ್ಥಿತಿ ಬರುತ್ತದೆ.

ಹಾಗಾಗಿ ಪತ್ರಕ್ಕೆ ಮುಂಚೆ ಒಂದು ಹಾಳೆಯ ಲೆಕ್ಕ ಬೇಕು. ಎಡಗಡೆ ತಾರೀಖು, ನಡುವೆ ಆ ದಿನ ರೋಸ್ಟರಿನಂತೆ ತನಗೆ ಬೀಳುವ ಪಾಳಿ, ಬಲಗಡೆ ಪೇಪರ್. ನಮ್ಮ ಹುಡುಗನ ಹಾಳೆ ಹೀಗಿತ್ತು. ಜೂನ್ 9 ಮಂಗಳವಾರ ಮಧ್ಯಾಹ್ನ ಬಿಸಿನೆಸ್ ಆರ್ಗನೈಸೇಶನ್ (BCOC-132). ಜೂನ್ 12 ಶುಕ್ರವಾರ ಬೆಳಿಗ್ಗೆ ಬಿಸಿನೆಸ್ ಲಾ (BCOC-133). ಜೂನ್ 18 ಗುರುವಾರ ಮಧ್ಯಾಹ್ನ ಫೈನಾನ್ಶಿಯಲ್ ಅಕೌಂಟಿಂಗ್ (BCOC-131). ಅವನ ವೀಕಾಫ್ ಮಂಗಳವಾರ. ಜೂನ್ 1ರ ವಾರ ಅವನಿಗೆ ಓಪನಿಂಗ್, 8ರ ವಾರ ಕ್ಲೋಸಿಂಗ್, 15ರ ವಾರ ಮತ್ತೆ ಓಪನಿಂಗ್.

ಬರೆದು ಮುಗಿಸುವಷ್ಟರಲ್ಲಿ ಬೇಡಿಕೆ ಅರ್ಧಕ್ಕೆ ಇಳಿದಿತ್ತು. 9ನೇ ತಾರೀಖು ಅವನ ವೀಕಾಫೇ, ಅದಕ್ಕೆ ಏನೂ ಕೇಳಬೇಕಿಲ್ಲ. 15ರ ವಾರ ಹೇಗೂ ಓಪನಿಂಗೇ ಇದೆ, ವೀಕಾಫನ್ನು 16ರಿಂದ 18ಕ್ಕೆ ಸರಿಸಿದರೆ ಸಾಕು. ಪರೀಕ್ಷೆಗೆ ಮುಂಚಿನ ವಾರವೂ ಓಪನಿಂಗ್. ನಿಜವಾಗಿ ಪಾಳಿ ಬದಲಾಗಬೇಕಾದ್ದು 8ರಿಂದ 14ರ ಒಂದೇ ವಾರ. ಅದರಲ್ಲಿ 12ಕ್ಕೆ ಒಂದು ದಿನ ರಜೆ. ತಿಂಗಳಿಡೀ ಕೇಳಿದಂತಿದ್ದ ಅರ್ಜಿ ಒಂದು ವಾರದ ಅದಲುಬದಲು, ಒಂದು ರಜೆ, ಒಂದು ವೀಕಾಫ್ ಸರಿಸುವಿಕೆಗೆ ಬಂದು ನಿಂತಿತು.

12ನೇ ತಾರೀಖಿಗೆ ಅವನು ಮೊದಲು ಯೋಚಿಸಿದ್ದು ಬೇರೆ. ಪೇಪರ್ 1ಕ್ಕೆ ಮುಗಿಯುತ್ತದೆ, 2ಕ್ಕೆ ಅಂಗಡಿ ಸೇರಿ ಕ್ಲೋಸಿಂಗ್ ಮಾಡಿಬಿಡುತ್ತೇನೆ, ರಜೆ ಉಳಿಯುತ್ತದೆ ಎಂದು. ಕೇಳಲು ಚೆನ್ನಾಗಿದೆ. ಆದರೆ ಆ ರಾತ್ರಿ 10.20ಕ್ಕೆ ಬಿಟ್ಟವನು 13ರ ಬೆಳಿಗ್ಗೆ 7ಕ್ಕೆ ಓಪನಿಂಗಿಗೆ ಹಾಜರಾಗಬೇಕು, ನಡುವೆ ಒಂಬತ್ತು ಗಂಟೆಯೂ ಇಲ್ಲ. ಇನ್ನೊಂದು ವಿಷಯ ವಾರದ ಲೆಕ್ಕದಲ್ಲಿ ಅಡಗಿದೆ. 9ಕ್ಕೆ ವೀಕಾಫ್ ಆದ ಮೇಲೆ ಮುಂದಿನದು 18ಕ್ಕೆ. 12ರಂದು ರಜೆ ಹಾಕದಿದ್ದರೆ 10ರಿಂದ 17ರವರೆಗೆ ಸತತ ಎಂಟು ದಿನ ದುಡಿಮೆ. ವೀಕಾಫ್ ಸರಿಸುವವರೆಲ್ಲ ಎಡವುವ ಜಾಗ ಇದು. ಪ್ರತಿ ವಾರಕ್ಕೂ ಒಂದು ಆಫ್ ಇದೆ ಎಂದು ಕಾಣುತ್ತದೆ, ಎರಡು ಆಫ್‌ಗಳ ನಡುವಿನ ದೂರವನ್ನು ಯಾರೂ ಎಣಿಸುವುದಿಲ್ಲ. ಅಕೌಂಟಿಂಗ್ ಪೇಪರಿನ ಹಿಂದಿನ ದಿನ ಎಂಟನೇ ದಿನದ ದಣಿವಿನಲ್ಲಿ ಬ್ಯಾಲೆನ್ಸ್ ಶೀಟ್ ಕೂರಿಸುವುದು ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಆದ್ದರಿಂದ 12ಕ್ಕೆ ಪೂರ್ತಿ ರಜೆಯೇ ಸರಿ.

ಈ ರಜೆ ಎಲ್ಲಿಂದ ಬರುತ್ತದೆ? ಅಂಗಡಿ ಕೆಲಸಗಾರರಿಗೆ ಅನ್ವಯಿಸುವುದು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಅದರಲ್ಲಿ ವಾರಕ್ಕೊಂದು ರಜೆ, ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನದ ಸಂಬಳ ಸಹಿತ ರಜೆ, ದಿನಕ್ಕೆ 9 ಮತ್ತು ವಾರಕ್ಕೆ 48 ಗಂಟೆಯ ಮಿತಿ ಇವೆ. ಪರೀಕ್ಷೆಗೆ ರಜೆ ಕೊಡಲೇಬೇಕು, ಇಂಥ ಪಾಳಿಯೇ ಕೊಡಬೇಕು ಎಂಬ ಕಲಮು ಅದರಲ್ಲಿಲ್ಲ. ಹಾಗಾಗಿ ಪತ್ರದಲ್ಲಿ "ನನ್ನ ಹಕ್ಕು" ಎಂಬ ಧಾಟಿ ನಿಲ್ಲುವುದಿಲ್ಲ. ಗಳಿಸಿದ ರಜೆ ಅವನದು, ಅದರಲ್ಲಿ ಒಂದನ್ನು ಕೇಳುತ್ತಿದ್ದಾನೆ. ಪಾಳಿ ಮಾತ್ರ ಒಪ್ಪಂದದ ಮಾತು. ಕೇಳುವ ಸ್ವರ ಎರಡಕ್ಕೂ ಬೇರೆ ಬೇರೆ.

ಒಪ್ಪಂದ ಮೊದಲು ಆಗಬೇಕಾದ್ದು ಸೂಪರ್‌ವೈಸರ್ ಹತ್ತಿರವಲ್ಲ, ಜೋಡಿಯ ಹತ್ತಿರ. ಅವನ ಜೋಡಿ ವಯಸ್ಸಿನಲ್ಲಿ ಹಿರಿಯ, ಮಕ್ಕಳೊಂದಿಗ. "ಅಣ್ಣ, 8ನೇ ತಾರೀಖಿನ ವಾರ ಕ್ಲೋಸಿಂಗ್ ನೀವು ಮಾಡ್ತೀರಾ, ಇನ್ನೊಂದು ವಾರ ನಿಮ್ಮದು ನಾನು ಮಾಡ್ತೀನಿ" ಎಂದ. ಒಂದಕ್ಕೊಂದು, ನ್ಯಾಯವಾಗಿಯೇ ಕಾಣುತ್ತದೆ. ಜೋಡಿ ಬೆರಳಲ್ಲಿ ಎಣಿಸಿದ: "1ನೇ ತಾರೀಖಿನ ವಾರ ನಂದೇ ಕ್ಲೋಸಿಂಗು. 15ರ ವಾರವೂ ನಂದೇ. ನಡುವಿಂದೂ ನಾನೇ ಮಾಡಿದ್ರೆ ಮೂರು ವಾರ ಒಟ್ಟಿಗೆ ಆಗೋಗುತ್ತಲ್ಲೋ." ವಾರ ಬಿಟ್ಟು ವಾರ ತಿರುಗುವ ರೋಸ್ಟರಿನಲ್ಲಿ ಯಾವುದೇ ಒಂದು ವಾರ ಅದಲುಬದಲು ಮಾಡಿದರೂ ಹೀಗೇ ಆಗುತ್ತದೆ. ಬದಲಿಸುವುದು ಒಂದು ವಾರ, ಎದುರಿನವನ ಮೈಮೇಲೆ ಬೀಳುವುದು ಮೂರು. ಇದನ್ನು ಮೊದಲೇ ಹೇಳದೆ ಒಪ್ಪಿಗೆ ಪಡೆದರೆ ಎರಡನೇ ವಾರದ ನಡುವೆ ಜೋಡಿಯ ಮನೆಯಲ್ಲಿ ಮಾತು ಬರುತ್ತದೆ, ಅವನು ಕೈ ಎತ್ತುತ್ತಾನೆ, ಆಗ ಸರಿಯಾಗಿ ಬಿಸಿನೆಸ್ ಲಾ ಪೇಪರಿನ ವಾರ.

ತೀರಿಸುವ ವಾರವನ್ನೂ ಹಾಗೇ ಆರಿಸಬೇಕು. ಜೂನ್ 22ರ ವಾರ ಹುಡುಗನದೇ ಕ್ಲೋಸಿಂಗ್. 29ರ ವಾರ ಜೋಡಿಯದು. ಅದನ್ನು ಹುಡುಗ ಹೊತ್ತುಕೊಂಡರೆ ಜುಲೈ 6ರ ವಾರ ಮತ್ತೆ ಅವನದೇ, ಒಟ್ಟು ಮೂರು ವಾರ ಸತತ. ಜೋಡಿಗೆ ಆ ಮೂರೂ ವಾರ ಓಪನಿಂಗ್. ಮೂರಕ್ಕೆ ಮೂರು ಸರಿಹೋಯಿತು. ಜೂನ್ 29ರಿಂದ ಜುಲೈ 5 ಅಂದರೆ ಸಂಬಳ ಬಿದ್ದ ವಾರ, ಅಕ್ಕಿ ಎಣ್ಣೆ ಬೇಳೆಯ ತಿಂಗಳ ಸಾಮಾನು ಗಾಡಿ ತುಂಬಾ ಬರುವ ವಾರ. ವರ್ಷದ ಸುಲಭದ ವಾರವೊಂದನ್ನು ತೋರಿಸಿ ತೀರಿಸುತ್ತೇನೆಂದರೆ ಜೋಡಿ ಒಪ್ಪುತ್ತಿರಲಿಲ್ಲ. ಈ ವಾರವೆಂದ ಮೇಲೆ ಒಪ್ಪಿದ.

ಆಮೇಲೆ ಪತ್ರ. ಎರಡನೇ ಸಲ ಬರೆದದ್ದು ಹೀಗಿತ್ತು. ಹೆಸರು, ಸಿಬ್ಬಂದಿ ಸಂಖ್ಯೆಗಳನ್ನು ಖಾಲಿ ಬಿಟ್ಟಿದ್ದೇವೆ.

ದಿನಾಂಕ: ಮೇ 18

ಇವರಿಂದ:
(ಹೆಸರು), ಸಿಬ್ಬಂದಿ ಸಂಖ್ಯೆ (…), ಬಿಲ್ಲಿಂಗ್ ವಿಭಾಗ

ಇವರಿಗೆ:
ಫ್ಲೋರ್ ಸೂಪರ್‌ವೈಸರ್

ವಿಷಯ: ಜೂನ್ 8ರಿಂದ 21ರವರೆಗೆ ಬೆಳಗಿನ ಪಾಳಿ (7–4) ಮತ್ತು 12ರಂದು ಒಂದು ದಿನದ ರಜೆ ಕೋರಿ.

ಮಾನ್ಯರೆ,

ನಾನು ಇಗ್ನೊ ಬಿಕಾಂ ವಿದ್ಯಾರ್ಥಿ. ಜೂನ್ ಪರೀಕ್ಷೆಯಲ್ಲಿ ನನ್ನ ಮೂರು ಪೇಪರುಗಳು ಜೂನ್ 9 ಮಂಗಳವಾರ (ಮಧ್ಯಾಹ್ನ 2–5), 12 ಶುಕ್ರವಾರ (ಬೆಳಿಗ್ಗೆ 10–1) ಮತ್ತು 18 ಗುರುವಾರ (ಮಧ್ಯಾಹ್ನ 2–5) ಇವೆ. ಇದಕ್ಕಾಗಿ ನನ್ನ ಪಾಳಿಯಲ್ಲಿ ಮೂರು ಬದಲಾವಣೆ ಕೋರುತ್ತೇನೆ.

ಜೂನ್ 8ರಿಂದ 14ರ ವಾರ ನನಗೆ ಕ್ಲೋಸಿಂಗ್ ಬರುತ್ತದೆ. ಆ ವಾರ ಓಪನಿಂಗಿನಲ್ಲಿರುವ ನನ್ನ ಜೋಡಿ (ಹೆಸರು) ಅವರೊಂದಿಗೆ ಪಾಳಿ ಬದಲಿಸಿಕೊಳ್ಳಲು ಅನುಮತಿ ಬೇಕು. ಅವರು ಒಪ್ಪಿದ್ದಾರೆ, ಸಹಿ ಕೆಳಗಿದೆ. ಬದಲಿಗೆ ಜೂನ್ 29ರಿಂದ ಜುಲೈ 5ರವರೆಗೆ ಅವರ ಕ್ಲೋಸಿಂಗ್ ವಾರವನ್ನು ನಾನು ಮಾಡುತ್ತೇನೆ.

ಜೂನ್ 12ರಂದು ನನ್ನ ಗಳಿಕೆ ರಜೆಯಿಂದ ಒಂದು ದಿನ ಬೇಕು. ರಜೆಯ ಫಾರಂ ಇದರೊಂದಿಗೆ ಇದೆ.

ಜೂನ್ 15ರಿಂದ 21ರ ವಾರ ನನಗೆ ಓಪನಿಂಗೇ ಇದೆ. ಆ ವಾರದ ವೀಕಾಫನ್ನು ಮಂಗಳವಾರ 16ರ ಬದಲು ಗುರುವಾರ 18ಕ್ಕೆ ಕೊಡಬೇಕೆಂದು ಕೋರುತ್ತೇನೆ. 16ರಂದು ನಾನು ಕೆಲಸಕ್ಕೆ ಬರುತ್ತೇನೆ.

ಕೌಂಟರಿಗೆ ಜನ ಸಾಲದಿದ್ದಾಗ ಜೂನ್ 13, 14, 19, 20 ಮತ್ತು 21ರಂದು ಸಂಜೆ 6ರವರೆಗೆ ನಿಲ್ಲಬಲ್ಲೆ. 8, 10, 11, 15, 16, 17ರಂದು 4ಕ್ಕೆ ಬಿಡಲೇಬೇಕಾಗುತ್ತದೆ.

ಡೇಟ್ ಶೀಟಿನ ಪುಟ ಮತ್ತು ಪರೀಕ್ಷಾ ಫಾರಂ ಪ್ರತಿ ಲಗತ್ತಿಸಿದ್ದೇನೆ. ಹಾಲ್ ಟಿಕೆಟ್ ಬಂದ ದಿನವೇ ಅದರ ಪ್ರತಿ ಕೊಡುತ್ತೇನೆ. ತಾರೀಖು ಬದಲಾಗಿದ್ದರೆ ಅಂದೇ ತಿಳಿಸುತ್ತೇನೆ. ಮೇ 29ರ ಒಳಗೆ ತಮ್ಮ ಉತ್ತರ ಸಿಕ್ಕರೆ ಅನುಕೂಲ.

ಇಂತಿ ತಮ್ಮ ವಿಶ್ವಾಸಿ,
(ಸಹಿ)

ಪಾಳಿ ಬದಲಿಗೆ ನನ್ನ ಒಪ್ಪಿಗೆ ಇದೆ: (ಜೋಡಿಯ ಸಹಿ, ದಿನಾಂಕ)

ಒಂದು ಪುಟ ದಾಟಿಲ್ಲ. ಓದು ಎಷ್ಟು ಕಷ್ಟ, ಮನೆಯಲ್ಲಿ ಏನು ತೊಂದರೆ, ಮುಂದೆ ಏನಾಗಬೇಕೆಂದಿದ್ದೇನೆ, ಇವೊಂದೂ ಇಲ್ಲ. ಸೂಪರ್‌ವೈಸರಿಗೆ ಅವನ್ನು ಬಾಯಲ್ಲಿ ಹೇಳಬಹುದು. ಪತ್ರ ಅವರ ಮೇಲಿನ ಸ್ಟೋರ್ ಮ್ಯಾನೇಜರಿಗೂ ಹೋಗುತ್ತದೆ, ಅವರಿಗೆ ಬೇಕಾದ್ದು ತಾರೀಖು.

ಮೂರು ಸಾಲುಗಳ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಒಂದು, "15ರಿಂದ 21ರ ವಾರ ನನಗೆ ಓಪನಿಂಗೇ ಇದೆ" ಎಂಬುದು. ಇರುವುದನ್ನು ಯಾಕೆ ಬರೆಯಬೇಕು ಎನಿಸಬಹುದು. ರೋಸ್ಟರಿನಲ್ಲಿ ಇದ್ದದ್ದು ಇದ್ದ ಹಾಗೆ ಉಳಿಯುವುದಿಲ್ಲವಾದ್ದರಿಂದ. ಕ್ಲೋಸಿಂಗಿನಲ್ಲಿ ಯಾರಿಗೋ ಜ್ವರ ಬಂದರೆ ಓಪನಿಂಗಿನ ಹುಡುಗರಲ್ಲಿ ಒಬ್ಬನನ್ನು ಎಳೆದು ಅಲ್ಲಿಗೆ ಹಾಕುವುದು ಎಲ್ಲ ಅಂಗಡಿಯಲ್ಲೂ ಉಂಟು. ಬೆಳಗಿನ ಪಾಳಿ "ಖಾಯಂ" ಎಂದರೆ ನಿಜವಾದ ಅರ್ಥ ಇದೇ: ಆ ಎರಡು ವಾರ ಎಳೆಯುವವರ ಪಟ್ಟಿಯಲ್ಲಿ ನನ್ನ ಹೆಸರು ಕೊನೆಯಲ್ಲಿರಲಿ. ವಿಷಯದ ಸಾಲಿನಲ್ಲಿ ಎರಡೂ ವಾರವನ್ನು ಸೇರಿಸಿದ್ದು ಇದಕ್ಕೆ.

ಎರಡು, 4ಕ್ಕೆ ಬಿಡಲೇಬೇಕಾದ ದಿನಗಳ ಪಟ್ಟಿ. ಬೆಳಗಿನ ಪಾಳಿ ಸಿಕ್ಕವರೂ ಸೋಲುವುದು ಇಲ್ಲಿ. 4ಕ್ಕೆ ಕ್ಲೋಸಿಂಗಿನವನು ಟೀ ಕುಡಿಯಲು ಹೋಗಿರುತ್ತಾನೆ, ಸಾಲು ಬೆಳೆದಿರುತ್ತದೆ, "ಒಂದರ್ಧ ಗಂಟೆ ನೋಡ್ಕೋ" ಎನ್ನುತ್ತಾರೆ, ಅದು 6 ಆಗುತ್ತದೆ. ಯಾವತ್ತೂ ಆಗಲ್ಲ ಅನ್ನುವವನ ಮಾತನ್ನು ಯಾರೂ ಕೇಳುವುದಿಲ್ಲ. ಐದು ದಿನ ನಿಲ್ಲುತ್ತೇನೆ, ಆರು ದಿನ ನಿಲ್ಲಲಾರೆ ಎಂದು ತಾರೀಖು ಕೊಟ್ಟವನ ಮಾತಿಗೆ ಬೆಲೆ ಇದೆ. ಆ ಐದರಲ್ಲಿ ನಾಲ್ಕು ಶನಿವಾರ ಭಾನುವಾರಗಳು, ಅಂಗಡಿಗೆ ಜನ ಬೇಕಾದ ದಿನಗಳೇ.

ಮೂರು, ಲಗತ್ತು. ಇಗ್ನೊ ಡೇಟ್ ಶೀಟ್ ಇಡೀ ವಿಶ್ವವಿದ್ಯಾಲಯದ್ದು. ಒಂದು ದಿನದ ಚೌಕದಲ್ಲಿ ಹತ್ತಾರು ಕೋಡ್‌ಗಳು ಗಿಜಿಗುಡುತ್ತಿರುತ್ತವೆ, ವಿದ್ಯಾರ್ಥಿಯ ಹೆಸರಿರುವುದಿಲ್ಲ. ಅದೊಂದನ್ನೇ ಕೊಟ್ಟರೆ ಅವನಿಗೆ ಅಂದು ಪೇಪರ್ ಇದೆ ಎಂದು ಹೇಗೆ ಗೊತ್ತಾಗಬೇಕು? ಪರೀಕ್ಷಾ ಫಾರಂ ತುಂಬಿ ಶುಲ್ಕ ಕಟ್ಟಿದಾಗ ಸಿಗುವ ಪ್ರತಿಯಲ್ಲಿ ಹೆಸರು, ಎನ್‌ರೋಲ್‌ಮೆಂಟ್ ಸಂಖ್ಯೆ, ಕೋಡ್ ಮೂರೂ ಇರುತ್ತವೆ. ಅಲ್ಲಿನ ಕೋಡನ್ನೂ ಡೇಟ್ ಶೀಟಿನ ಕೋಡನ್ನೂ ಒಂದೇ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು ಕೊಟ್ಟರೆ ಅರ್ಧ ನಿಮಿಷದಲ್ಲಿ ಹೊಂದಿಸಿ ನೋಡಬಹುದು. ಹಾಲ್ ಟಿಕೆಟ್ ಬರಲಿ ಆಮೇಲೆ ಪತ್ರ ಕೊಡೋಣ ಎಂದು ಕಾಯುವುದು ತಪ್ಪು. ಅದು ಪರೀಕ್ಷೆ ಹತ್ತಿರ ಬಂದ ಮೇಲೆ ಬರುತ್ತದೆ. ಅಷ್ಟರಲ್ಲಿ ಆ ವಾರದ ರೋಸ್ಟರ್ ಗೋಡೆ ಮೇಲೆ ಇರುತ್ತದೆ. ಡೇಟ್ ಶೀಟಿನ ಮೇಲೆ ಕೇಳಿ, ಹಾಲ್ ಟಿಕೆಟಿನ ಮೇಲೆ ಖಚಿತ ಮಾಡುವ ಎರಡು ಹಂತದ ದಾರಿಯೇ ನಡೆಯುವಂಥದು.

ಪತ್ರ ಕೊಟ್ಟದ್ದು ಸೋಮವಾರ ಮಧ್ಯಾಹ್ನ 3ಕ್ಕೆ. ಓಪನಿಂಗಿನವರೂ ಕ್ಲೋಸಿಂಗಿನವರೂ ಒಟ್ಟಿಗಿರುವ, ಗಿರಾಕಿ ಕಡಿಮೆ ಇರುವ ಹೊತ್ತು ಅದು. ಸೂಪರ್‌ವೈಸರ್ ಗೋಡೆಯ ರೋಸ್ಟರ್ ಪಕ್ಕ ನಿಂತು ಓದಿದರು. ಜೋಡಿಯನ್ನು ಕರೆದು "ಏನ್ರಿ, ಮೂರು ವಾರ ಆಗುತ್ತೆ, ಗೊತ್ತು ತಾನೆ?" ಎಂದು ಕೇಳಿದರು. ಗೊತ್ತಿತ್ತು. ಆಮೇಲೆ ಹುಡುಗ ಗಮನಿಸದ ಒಂದನ್ನು ಅವರು ಹಿಡಿದರು: ಜೋಡಿಯ ವೀಕಾಫ್ ಬುಧವಾರ. ಅವನು ಓಪನಿಂಗಿನಲ್ಲಿದ್ದರೆ ಬುಧವಾರ ಬೆಳಿಗ್ಗೆ ಒಬ್ಬ ಕಡಿಮೆ, ಬೆಳಿಗ್ಗೆ ಎರಡು ಕೌಂಟರ್ ಸಾಕು, ನಡೆಯುತ್ತದೆ. ಅವನು ಕ್ಲೋಸಿಂಗಿಗೆ ಹೋದರೆ 10ನೇ ತಾರೀಖು ಸಂಜೆ ಇಬ್ಬರೇ ಉಳಿಯುತ್ತಾರೆ. ಪಾಳಿ ಬದಲಿಸಿದರೂ ವೀಕಾಫ್ ಅವರವರ ಜೊತೆಯೇ ಹೋಗುತ್ತದೆ ಎಂಬುದು ಕೆಲಸಗಾರರ ಕಣ್ಣಿಗೆ ಬೀಳುವುದಿಲ್ಲ, ರೋಸ್ಟರ್ ಬರೆಯುವವರ ಕಣ್ಣಿಗೆ ಮೊದಲು ಬೀಳುವುದೇ ಅದು. ಮಿಡ್‌ನ ಇಬ್ಬರಲ್ಲಿ ಒಬ್ಬರನ್ನು ಅಂದು 1ರಿಂದ 10ಕ್ಕೆ ಹಾಕಿ ಸರಿಮಾಡಿದರು. ಮರುದಿನ ಅವರು ಬರಬೇಕಾದ್ದು 10ಕ್ಕೆ, ರಾತ್ರಿಯ ನಿದ್ದೆಗೆ ತೊಂದರೆಯಿಲ್ಲ. 12ರ ರಜೆಗೆ ಏನೂ ಮಾಡಬೇಕಾಗಲಿಲ್ಲ, ಬೆಳಗಿನ ಮೂವರಲ್ಲಿ ಇಬ್ಬರು ಉಳಿದರು.

ಉತ್ತರ ಬಾಯಿಮಾತಿನಲ್ಲಿ "ಆಯ್ತು" ಎಂದಾಗಿದ್ದರೆ ಹುಡುಗ ಅಲ್ಲಿಗೇ ಬಿಡಬಾರದಿತ್ತು. ಅವನು ಪತ್ರದ ಇನ್ನೊಂದು ಪ್ರತಿಯ ಮೇಲೆ "ಒಪ್ಪಿದೆ" ಎಂದು ಸಹಿ, ತಾರೀಖು ಹಾಕಿಸಿಕೊಂಡ. ಜೂನ್ 5ರ ಶುಕ್ರವಾರ ಅದರ ಉಪಯೋಗ ಕಂಡಿತು. ಗೋಡೆಗೆ ಬಿದ್ದ ರೋಸ್ಟರಿನಲ್ಲಿ ಅವನ ಹೆಸರು ಕ್ಲೋಸಿಂಗಿನಲ್ಲೇ ಇತ್ತು. ಯಾರೂ ಬೇಕೆಂದು ಮಾಡಿದ್ದಲ್ಲ, ಎರಡು ವಾರದ ಹಿಂದಿನ ಎಕ್ಸೆಲ್ ಹಾಳೆಯನ್ನು ಕಾಪಿ ಮಾಡಿ ತಾರೀಖು ಬದಲಿಸಿದ್ದರು. ಸಹಿ ಇದ್ದ ಪ್ರತಿ ತೋರಿಸಿದ ಮೇಲೆ ಹತ್ತು ನಿಮಿಷದ ಕೆಲಸ. ಸೋಮವಾರ ಬೆಳಿಗ್ಗೆ 7ಕ್ಕೆ ಬಂದು ವಾದ ಮಾಡಬೇಕಾಗಿ ಬಂದಿದ್ದರೆ ಮರುದಿನದ ಪೇಪರಿನ ಓದು ಅಂದೇ ಕೆಡುತ್ತಿತ್ತು.

ಹಾಲ್ ಟಿಕೆಟ್ ಬಂದಾಗ 18ರ ಪೇಪರ್ ಮಧ್ಯಾಹ್ನದ ಬದಲು ಬೆಳಗಿನ ಅವಧಿಯಲ್ಲಿತ್ತು. ಅಂದು ವೀಕಾಫ್ ಆದ್ದರಿಂದ ಅಂಗಡಿಗೆ ಏನೂ ವ್ಯತ್ಯಾಸವಾಗಲಿಲ್ಲ. ಪರೀಕ್ಷೆಯ ದಿನಕ್ಕೆ ಅರ್ಧ ದಿನ, ಎರಡು ಗಂಟೆ ಪರ್ಮಿಶನ್ ಎಂದು ಬಿಗಿಯಾಗಿ ಲೆಕ್ಕ ಹಾಕಿ ಕೇಳಬಾರದೆನ್ನುವುದು ಇದಕ್ಕೇ. ದಿನ ಪೂರ್ತಿ ಕೈಯಲ್ಲಿದ್ದರೆ ಅವಧಿ ಬದಲಾದರೂ ಮತ್ತೆ ಕೇಳಿಕೊಳ್ಳಬೇಕಿಲ್ಲ. ಬದಲಾದದ್ದು ದಿನವೇ ಆಗಿದ್ದರೆ ಮಾತು ಬೇರೆ. ಆಗ ಹಳೆಯ ಒಪ್ಪಿಗೆಯನ್ನು ಹಿಗ್ಗಿಸದೆ, ಬದಲಾದ ಆ ಒಂದು ದಿನಕ್ಕೆ ಎರಡು ಸಾಲಿನ ಹೊಸ ಪತ್ರ ಕೊಡುವುದು ಒಳ್ಳೆಯದು. ಪೇಪರ್ ತಪ್ಪಿದರೆ ಮುಂದಿನ ಅವಕಾಶ ಡಿಸೆಂಬರಿಗೆ, ಮತ್ತೆ ಫಾರಂ ತುಂಬಿ ಶುಲ್ಕ ಕಟ್ಟಬೇಕು. ಅದನ್ನು ಸೂಪರ್‌ವೈಸರಿಗೆ ಒಮ್ಮೆ ತಿಳಿಸಿಟ್ಟಿದ್ದರೆ ಕೆಟ್ಟದ್ದೇನಿಲ್ಲ.

ಪರೀಕ್ಷೆಗಳು ಮುಗಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ, ಬೆರಳಚ್ಚು ಯಂತ್ರದ್ದು. ಗೋಡೆಯ ರೋಸ್ಟರ್ ತಿದ್ದಿದರೂ ಹಾಜರಾತಿ ಸಾಫ್ಟ್‌ವೇರಿನಲ್ಲಿ 8ರ ವಾರಕ್ಕೆ ಅವನ ಪಾಳಿ 1ರಿಂದ 10 ಎಂದೇ ಇತ್ತು. ಅವನು ಬೆಳಿಗ್ಗೆ 6.55ಕ್ಕೆ ಬೆರಳೊತ್ತಿ 4ಕ್ಕೆ ಹೊರಬಿದ್ದ. ಯಂತ್ರದ ಲೆಕ್ಕದಲ್ಲಿ 1ರಿಂದ 4ರವರೆಗೆ ಮೂರು ಗಂಟೆ ಮಾತ್ರ ಹಾಜರಿ, ಉಳಿದದ್ದು ಅವಧಿಗೆ ಮುಂಚೆ ಹೋದದ್ದು. ಐದು ದಿನ ಹೀಗೆ ಅರ್ಧ ದಿನವೆಂದು ಬಿದ್ದಿತ್ತು. ಜೋಡಿಯದ್ದೂ ಅಷ್ಟೇ, ಅವನು ದಿನವೂ ಆರು ಗಂಟೆ ತಡ. ಸಂಬಳದ ಲೆಕ್ಕ ಕಟ್ಟುವ ತಾರೀಖಿನೊಳಗೆ ಇಬ್ಬರೂ ಸಹಿಯಾದ ಪತ್ರದ ಪ್ರತಿ ಇಟ್ಟು ಹಾಜರಾತಿ ತಿದ್ದುಪಡಿ ಫಾರಂ ಕೊಟ್ಟರು. 29ರ ವಾರ ಶುರುವಾಗುವ ಮೊದಲೇ, ಸಾಫ್ಟ್‌ವೇರಿನಲ್ಲಿ ಇಬ್ಬರ ಪಾಳಿಯನ್ನೂ ಮುಂಚಿತವಾಗಿ ಬದಲಿಸುವಂತೆ ಎಚ್‌ಆರ್‌ಗೆ ಅದೇ ಪತ್ರದ ಇನ್ನೊಂದು ಪ್ರತಿ ಹೋಯಿತು.